ಅಸಮಾನತೆ ಮೊದಲು ಏರಿ ಆಮೇಲೆ ತಾನಾಗಿ ಇಳಿಯುತ್ತದೆಯೇ? ಕುಜ್ನೆಟ್ಸ್ ರೇಖೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಭಿವೃದ್ಧಿ ಅರ್ಥಶಾಸ್ತ್ರದ ಮಾತು ಬಂದಾಗಲೆಲ್ಲ ಈ ಏರಿಳಿತದ ಗೆರೆಯ ಪ್ರಸ್ತಾಪ ಬಂದೇ ಬರುತ್ತದೆ, ಅದರ ಹಿಂದೆಯೇ ಹೆಚ್ಚುಕಡಿಮೆ ಇವೇ ಪ್ರಶ್ನೆಗಳೂ ಬರುತ್ತವೆ. ಪತ್ರಗಳಲ್ಲಿ, ಚರ್ಚೆಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಎದುರಾದವುಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭವಾದವು ಮೊದಲು ಬರುತ್ತವೆ. ಪ್ರತಿ ಉತ್ತರವನ್ನೂ ಬಿಡಿಯಾಗಿ ಓದಿಕೊಳ್ಳಬಹುದು, ಆದರೆ ನಡುವಿನ ಲೆಕ್ಕವನ್ನು ಒಮ್ಮೆ ನೋಡಿ ಮುಂದೆ ಹೋದರೆ ಉಳಿದದ್ದು ಸಲೀಸಾಗುತ್ತದೆ.

## ಮೊದಲ ಪರಿಚಯ

ಕುಜ್ನೆಟ್ಸ್ ರೇಖೆ ಅಂದರೆ ಸರಳವಾಗಿ ಏನು?

ಒಂದು ದೇಶ ಬಡತನದಿಂದ ಸಿರಿತನದ ಕಡೆಗೆ ಸಾಗುವಾಗ ಅಲ್ಲಿನ ಆದಾಯದ ಅಸಮಾನತೆ ಮೊದಲು ಹೆಚ್ಚುತ್ತದೆ, ಒಂದು ಹಂತದಲ್ಲಿ ನಿಲ್ಲುತ್ತದೆ, ನಂತರ ಕಡಿಮೆಯಾಗುತ್ತದೆ ಎಂಬ ಊಹೆಗೆ ಈ ಹೆಸರು. ಅಡ್ಡಗೆರೆಯಲ್ಲಿ ತಲಾ ಆದಾಯವನ್ನೂ ಲಂಬಗೆರೆಯಲ್ಲಿ ಅಸಮಾನತೆಯನ್ನೂ ಇಟ್ಟು ಚಿತ್ರ ಬರೆದರೆ ಗುಡ್ಡದ ಆಕಾರ ಮೂಡುತ್ತದೆ. ಇಂಗ್ಲಿಷಿನ ಯು ಅಕ್ಷರವನ್ನು ಬೋರಲು ಹಾಕಿದಂತೆ ಕಾಣುವುದರಿಂದ ಪಠ್ಯಪುಸ್ತಕಗಳು ಇದನ್ನು ತಲೆಕೆಳಗಾದ ಯು ಎಂದೂ ಕರೆಯುತ್ತವೆ.

ಈ ಊಹೆಯೊಳಗೆ ಎರಡು ಬೇರೆ ಬೇರೆ ಮಾತುಗಳಿವೆ. ಕೆಲವು ದೇಶಗಳಲ್ಲಿ ಅಸಮಾನತೆ ಏರಿ ಇಳಿದಿದೆ ಎಂಬುದು ಒಂದು ಮಾತು. ಅದು ಚರಿತ್ರೆಯ ಸಂಗತಿ, ಅದರಲ್ಲಿ ತಕರಾರಿಲ್ಲ. ಬೆಳೆಯುವ ಪ್ರತಿಯೊಂದು ದೇಶವೂ ಅದೇ ದಾರಿಯಲ್ಲಿ ಹೋಗಲೇಬೇಕು ಎಂಬುದು ಇನ್ನೊಂದು ಮಾತು. ವಾದವೆಲ್ಲ ಇರುವುದು ಈ ಎರಡನೆಯದರ ಮೇಲೆ.

ಕುಜ್ನೆಟ್ಸ್ ಇದನ್ನು ಸಾಬೀತು ಮಾಡಿದ್ದರೇ?

ಇಲ್ಲ. ಸಾಬೀತು ಮಾಡಿದ್ದೇನೆಂದು ಅವರು ಹೇಳಿಕೊಳ್ಳಲೂ ಇಲ್ಲ.

ಸೈಮನ್ ಕುಜ್ನೆಟ್ಸ್ 1901ರಲ್ಲಿ ಆಗಿನ ರಷ್ಯನ್ ಸಾಮ್ರಾಜ್ಯದ ಪಿನ್ಸ್ಕ್‌ನಲ್ಲಿ ಹುಟ್ಟಿ, 1922ರಲ್ಲಿ ಅಮೆರಿಕಕ್ಕೆ ಬಂದವರು. ಒಂದು ದೇಶದ ಒಟ್ಟು ಆದಾಯವನ್ನು ಲೆಕ್ಕ ಹಾಕುವ ಪದ್ಧತಿಗೆ ಗಟ್ಟಿ ತಳಹದಿ ಹಾಕಿದವರಲ್ಲಿ ಅವರು ಪ್ರಮುಖರು. 1971ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ಅಮೆರಿಕನ್ ಎಕನಾಮಿಕ್ ಅಸೋಸಿಯೇಷನ್ನಿನ ಅಧ್ಯಕ್ಷರಾಗಿ 1954ರ ಡಿಸೆಂಬರಿನಲ್ಲಿ ಡೆಟ್ರಾಯಿಟ್‌ನಲ್ಲಿ ಮಾಡಿದ ಭಾಷಣದಲ್ಲಿ ಅವರು ಈ ಊಹೆಯನ್ನು ಮುಂದಿಟ್ಟರು, ಮರುವರ್ಷ ಅದು ಲೇಖನವಾಗಿ ಅಚ್ಚಾಯಿತು. ಅವರ ಕೈಯಲ್ಲಿ ಸ್ವಲ್ಪ ದೀರ್ಘ ಕಾಲದ ಅಂಕಿಅಂಶಗಳು ಇದ್ದದ್ದು ಅಮೆರಿಕ, ಇಂಗ್ಲೆಂಡ್ ಮತ್ತು ಜರ್ಮನಿಯ ಕೆಲವು ಭಾಗಗಳದ್ದು ಮಾತ್ರ. ಆ ಅಂಕಿಗಳಲ್ಲಿ ಇಳಿತ ಕಾಣುತ್ತಿತ್ತು. ಅದಕ್ಕೆ ಮುಂಚಿನ ಏರಿಕೆಯನ್ನು ಅವರು ಬಹುಮಟ್ಟಿಗೆ ತರ್ಕದಿಂದ ಊಹಿಸಿದರು. ಲೇಖನದ ಕೊನೆಯಲ್ಲಿ ಅವರೇ, ಇದರಲ್ಲಿ ಬಹುಶಃ ನೂರಕ್ಕೆ 5 ಪಾಲು ಮಾಹಿತಿ, 95 ಪಾಲು ಊಹೆ, ಅದರಲ್ಲೂ ಒಂದಿಷ್ಟು ಹೀಗಿದ್ದರೆ ಚೆನ್ನ ಎಂಬ ಆಸೆಯ ಸೋಂಕೂ ತಗುಲಿರಬಹುದು ಎಂದು ಒಪ್ಪಿಕೊಂಡಿದ್ದಾರೆ. ಅವರ ಹೆಸರನ್ನು ಹೊತ್ತ ನಿಯಮ ಅವರಿಗಿಂತ ಎಷ್ಟೋ ಹೆಚ್ಚು ಆತ್ಮವಿಶ್ವಾಸದಿಂದ ಮಾತಾಡುತ್ತದೆ.

ಗಿನಿ ಸೂಚ್ಯಂಕವನ್ನು ಹೇಗೆ ಓದಿಕೊಳ್ಳಬೇಕು?

ಆದಾಯದ ಅಸಮಾನತೆಯನ್ನು ಒಂದೇ ಸಂಖ್ಯೆಯಲ್ಲಿ ಹೇಳುವ ಅಳತೆ ಇದು. ಎಲ್ಲರಿಗೂ ಒಂದೇ ಆದಾಯವಿದ್ದರೆ ಗಿನಿ ಸೂಚ್ಯಂಕ 0; ಇಡೀ ಆದಾಯ ಒಬ್ಬನ ಪಾಲಾದರೆ ಹೆಚ್ಚುಕಡಿಮೆ 1. ನಿಜ ದೇಶಗಳ ಸೂಚ್ಯಂಕ ಸಾಮಾನ್ಯವಾಗಿ 0.25ರಿಂದ 0.60ರ ನಡುವೆ ಇರುತ್ತದೆ. ಸಮಾಜದಲ್ಲಿ ಎರಡೇ ಗುಂಪುಗಳಿದ್ದು ಒಂದೊಂದು ಗುಂಪಿನೊಳಗೆ ಎಲ್ಲರ ಆದಾಯವೂ ಒಂದೇ ಆಗಿದ್ದರೆ ಇದನ್ನು ಬಾಯಿಲೆಕ್ಕದಲ್ಲೇ ಹೇಳಬಹುದು: ಮೇಲಿನ ಗುಂಪಿನ ಆದಾಯದ ಪಾಲಿನಿಂದ ಆ ಗುಂಪಿನ ಜನಸಂಖ್ಯೆಯ ಪಾಲನ್ನು ಕಳೆದರೆ ಬರುವುದೇ ಗಿನಿ. ಮುಂದಿನ ಲೆಕ್ಕಕ್ಕೆ ಇಷ್ಟು ಸಾಕು.

## ಗುಡ್ಡ ಎಲ್ಲಿಂದ ಬರುತ್ತದೆ

ಯಾರ ಸಂಬಳವೂ ಬದಲಾಗದೆ ಅಸಮಾನತೆ ಏರಿ ಇಳಿಯುವುದು ಹೇಗೆ ಸಾಧ್ಯ?

ಕುಜ್ನೆಟ್ಸ್ ಅವರ ವಾದದ ತಿರುಳು ಇದೇ, ಮತ್ತು ಅದು ನಿಜಕ್ಕೂ ಜಾಣ ವಾದ. ನೂರು ಜನರ ಒಂದು ದೇಶವನ್ನು ಊಹಿಸಿಕೊಳ್ಳಿ. ಹಳ್ಳಿಯಲ್ಲಿ ಬೇಸಾಯ ಮಾಡುವ ಪ್ರತಿಯೊಬ್ಬರಿಗೂ 100 ನಾಣ್ಯ ಆದಾಯ, ಪಟ್ಟಣದಲ್ಲಿ ಕಾರ್ಖಾನೆಯ ಕೆಲಸ ಮಾಡುವ ಪ್ರತಿಯೊಬ್ಬರಿಗೂ 300 ನಾಣ್ಯ. ಈ ಎರಡು ಮೊತ್ತಗಳು ಎಂದಿಗೂ ಬದಲಾಗುವುದಿಲ್ಲ. ಅಭಿವೃದ್ಧಿ ಎಂದರೆ ಇಲ್ಲಿ ಜನ ಹಳ್ಳಿ ಬಿಟ್ಟು ಪಟ್ಟಣ ಸೇರುವುದು, ಅಷ್ಟೇ.

ಮೊದಲಿಗೆ ಎಲ್ಲರೂ ಹಳ್ಳಿಯಲ್ಲಿದ್ದಾರೆ, ಗಿನಿ ಸೊನ್ನೆ. ಹತ್ತು ಜನ ಪಟ್ಟಣಕ್ಕೆ ಹೋದರೆ ಅವರ ಒಟ್ಟು ಆದಾಯ 3,000, ಹಳ್ಳಿಯ ತೊಂಬತ್ತು ಜನರದ್ದು 9,000, ದೇಶದ್ದು 12,000. ಪಟ್ಟಣದವರು ಜನಸಂಖ್ಯೆಯ ನೂರಕ್ಕೆ 10, ಆದಾಯದಲ್ಲಿ ನೂರಕ್ಕೆ 25, ಗಿನಿ 0.15. ಮೂವತ್ತು ಜನ ಹೋದಾಗ ಅದು 0.26ಕ್ಕೆ ಏರುತ್ತದೆ. ಐವತ್ತು ಜನ ಹೋದಾಗ ಪಟ್ಟಣದ ಆದಾಯ 15,000, ಹಳ್ಳಿಯದು 5,000. 75ರಲ್ಲಿ 50 ಕಳೆದರೆ 25, ಅಂದರೆ ಗಿನಿ 0.25. ಆಗಲೇ ಇಳಿಮುಖ ಶುರುವಾಗಿದೆ. ತೊಂಬತ್ತು ಜನ ಹೋದಾಗ 0.06. ಎಲ್ಲರೂ ಹೋದ ಮೇಲೆ ಮತ್ತೆ ಸೊನ್ನೆ.

ಇಲ್ಲಿ ಯಾರೂ ಯಾರನ್ನೂ ಶೋಷಿಸಿಲ್ಲ, ಸರ್ಕಾರ ಯಾವ ತೆರಿಗೆಯನ್ನೂ ಹಾಕಿಲ್ಲ. ಸ್ಥಳ ಬದಲಿಸಿದ ಪ್ರತಿಯೊಬ್ಬನಿಗೂ ಲಾಭವೇ ಆಗಿದೆ, ಉಳಿದವನಿಗೆ ನಷ್ಟವಾಗಿಲ್ಲ. ಆದರೂ ಗುಡ್ಡ ಮೂಡಿತು. ಮೊದಲು ಹೋದವರು ಅಲ್ಪಸಂಖ್ಯಾತರಾದ್ದರಿಂದ ಅವರು ಎದ್ದು ಕಾಣುತ್ತಾರೆ. ಬಹುಪಾಲು ಜನ ಹೋದ ಮೇಲೆ ಹಿಂದೆ ಉಳಿದವರೇ ಅಲ್ಪಸಂಖ್ಯಾತರು.

ಹಾಗಾದರೆ ಇಳಿತವೂ ಗಣಿತದಷ್ಟೇ ಖಚಿತ ಅಲ್ಲವೇ?

ಪಟ್ಟಣದೊಳಗೆ ಎಲ್ಲರೂ ಸಮಾನರು ಎಂದು ಒಪ್ಪಿಕೊಂಡರೆ ಮಾತ್ರ. ಆ ಒಂದು ಊಹೆಯನ್ನು ಬದಲಿಸಿ ಅದೇ ಲೆಕ್ಕವನ್ನು ಮತ್ತೆ ಮಾಡೋಣ. ಪಟ್ಟಣದ ಸರಾಸರಿ 300 ನಾಣ್ಯವೇ ಇರಲಿ. ಆದರೆ ಅಲ್ಲಿಗೆ ಹೋದ ಪ್ರತಿ ಹತ್ತು ಜನರಲ್ಲಿ ಆರು ಜನರಿಗೆ ಹಳ್ಳಿಯಲ್ಲಿದ್ದ 100 ನಾಣ್ಯವೇ ಸಿಗುತ್ತದೆ, ನಾಲ್ವರಿಗೆ 600 ಸಿಗುತ್ತದೆ ಎಂದುಕೊಳ್ಳಿ. ಎರಡೂ ಲೆಕ್ಕಗಳ ಫಲಿತಾಂಶ ಅಕ್ಕಪಕ್ಕದಲ್ಲಿ ಹೀಗೆ ಕಾಣುತ್ತದೆ:

| ಪಟ್ಟಣದಲ್ಲಿರುವವರು (ನೂರಕ್ಕೆ) | ಗಿನಿ: ಪಟ್ಟಣದಲ್ಲಿ ಎಲ್ಲರೂ ಸಮಾನ | ಗಿನಿ: ಪಟ್ಟಣದೊಳಗೂ ಅಂತರ |
|---|---|---|
| 10 | 0.15 | 0.16 |
| 30 | 0.26 | 0.33 |
| 50 | 0.25 | 0.40 |
| 70 | 0.18 | 0.42 |
| 90 | 0.06 | 0.41 |
| 100 | 0 | 0.40 |

ಕೊನೆಯ ಕಾಲಮ್ಮನ್ನು ಮೇಲಿನಿಂದ ಕೆಳಕ್ಕೆ ಓದಿ. ಏರಿಕೆ ಹಾಗೇ ಇದೆ, ಇಳಿಜಾರು ಮಾತ್ರ ಮಾಯವಾಗಿದೆ. 0.42ರಿಂದ 0.40ಕ್ಕೆ ಬಂದದ್ದನ್ನು ಇಳಿತವೆಂದು ಕರೆಯಬಹುದಾದರೂ ಸಮೀಕ್ಷೆಗಳ ಸಾಮಾನ್ಯ ತಪ್ಪಿನ ಅಂಚಿನಲ್ಲೇ ಅದು ಕರಗಿಹೋಗುತ್ತದೆ. ಇದು ಗುಡ್ಡವಲ್ಲ, ಪ್ರಸ್ಥಭೂಮಿ.

ಅಂದರೆ ವಲಸೆಯ ಲೆಕ್ಕ ನಮ್ಮನ್ನು ಪಟ್ಟಣದ ಅಸಮಾನತೆಯವರೆಗೆ ಕರೆದುಕೊಂಡು ಹೋಗಿ ಅಲ್ಲಿ ಕೈಬಿಡುತ್ತದೆ. ಅಲ್ಲಿಂದ ಕೆಳಗಿಳಿಯಬೇಕಾದರೆ ಪಟ್ಟಣದೊಳಗಿನ ಹಂಚಿಕೆಯೇ ಬದಲಾಗಬೇಕು. ಕುಜ್ನೆಟ್ಸ್ ಅವರಿಗೆ ಇದು ಗೊತ್ತಿತ್ತು. ಹಳ್ಳಿಗಿಂತ ಪಟ್ಟಣದಲ್ಲಿ ಒಳಗಿನ ಅಂತರ ಹೆಚ್ಚು, ಜೊತೆಗೆ ಉಳಿತಾಯವೆಲ್ಲ ಮೇಲ್ವರ್ಗದವರ ಕೈಯಲ್ಲೇ ಸೇರುತ್ತ ಹೋಗುತ್ತದೆ, ಆದ್ದರಿಂದ ಅಸಮಾನತೆ ಏರುತ್ತಲೇ ಇರಬೇಕಿತ್ತಲ್ಲ, ಇಳಿದದ್ದು ಹೇಗೆ ಎಂಬುದೇ ಅವರನ್ನು ಕಾಡಿದ ಒಗಟು. ಅದಕ್ಕೆ ಅವರು ಕೊಟ್ಟ ಉತ್ತರಗಳಲ್ಲಿ ಪಿತ್ರಾರ್ಜಿತ ಆಸ್ತಿಯ ಮೇಲಿನ ತೆರಿಗೆ, ಹಣದುಬ್ಬರ, ಪಟ್ಟಣದ ಬಡವರಿಗೆ ಕ್ರಮೇಣ ಬಂದ ರಾಜಕೀಯ ಬಲ ಮತ್ತು ಅದರಿಂದ ಹುಟ್ಟಿದ ಕಾನೂನುಗಳು ಇವೆ. ಪಠ್ಯಪುಸ್ತಕದ ಚಿತ್ರದಲ್ಲಿ ಇವು ಯಾವುವೂ ಕಾಣುವುದಿಲ್ಲ. ಗೆರೆ ತಾನಾಗಿಯೇ ಬಾಗಿದಂತೆ ತೋರುತ್ತದೆ.

ತಲಾ ಆದಾಯ ಎಷ್ಟು ಮುಟ್ಟಿದಾಗ ಇಳಿತ ಶುರುವಾಗುತ್ತದೆ? ಒಂದು ಮೊತ್ತ ಹೇಳಿ.

ಅಂಥ ಮೊತ್ತ ಇಲ್ಲ, ಸರಳ ಲೆಕ್ಕದಲ್ಲೂ ಇಲ್ಲ. ಪಟ್ಟಣದ ಆದಾಯ ಹಳ್ಳಿಯ ಮೂರು ಪಟ್ಟು ಇದ್ದಾಗ, ನೂರಕ್ಕೆ ಸುಮಾರು 37 ಜನ ಪಟ್ಟಣ ಸೇರಿದ ಮೇಲೆ ಗೆರೆ ತಿರುಗುತ್ತದೆ. ಅಂತರ ನಾಲ್ಕು ಪಟ್ಟಾದರೆ ಮೂರರಲ್ಲಿ ಒಂದು ಪಾಲು ಜನ ಹೋದಾಗಲೇ ತಿರುಗುತ್ತದೆ, ಒಂಬತ್ತು ಪಟ್ಟಾದರೆ ಕಾಲು ಪಾಲು ಜನ ಹೋದಾಗ. ಪಟ್ಟಣದೊಳಗಿನ ಅಂತರವನ್ನೂ ಸೇರಿಸಿದರೆ ತಿರುವು ಬಹಳ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಇಂತಿಷ್ಟು ಡಾಲರ್ ದಾಟಿದ ದೇಶದಲ್ಲಿ ಅಸಮಾನತೆ ಇಳಿಯುತ್ತದೆ ಎಂದು ಯಾರಾದರೂ ಹೇಳಿದರೆ, ಎಲ್ಲ ದೇಶಗಳ ಹಳ್ಳಿ ಪಟ್ಟಣಗಳ ಅಂತರವೂ ಒಂದೇ ಎಂದು ಅವರು ತಿಳಿಯದೆಯೇ ಒಪ್ಪಿಕೊಂಡಿದ್ದಾರೆ ಎಂದರ್ಥ.

## ಪುರಾವೆ ಏನು ಹೇಳುತ್ತದೆ

1970ರ ದಶಕದ ಅಧ್ಯಯನಗಳಲ್ಲಿ ಈ ಗುಡ್ಡ ಸ್ಪಷ್ಟವಾಗಿ ಸಿಕ್ಕಿತ್ತಲ್ಲ, ಅದೇನು ಸುಳ್ಳೇ?

ಸುಳ್ಳಲ್ಲ, ಸಿಕ್ಕಿದ್ದು ನಿಜ. ಆಗ ವಿಶ್ವಬ್ಯಾಂಕಿನಲ್ಲಿದ್ದ, ಮುಂದೆ ಭಾರತದ ಯೋಜನಾ ಆಯೋಗದ ಉಪಾಧ್ಯಕ್ಷರಾದ ಮಾಂಟೆಕ್ ಸಿಂಗ್ ಅಹ್ಲುವಾಲಿಯಾ 1976ರಲ್ಲಿ 60 ದೇಶಗಳ ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಬಡ ದೇಶಗಳು ಮತ್ತು ಸಿರಿವಂತ ದೇಶಗಳ ನಡುವೆ ಇದ್ದ ಮಧ್ಯಮ ಆದಾಯದ ದೇಶಗಳಲ್ಲೇ ಅಸಮಾನತೆ ಹೆಚ್ಚಿತ್ತು. ಕಷ್ಟ ಇರುವುದು ಅದನ್ನು ಅರ್ಥೈಸಿದ ರೀತಿಯಲ್ಲಿ.

ಅದು ಬೇರೆ ಬೇರೆ ದೇಶಗಳನ್ನು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ನಿಲ್ಲಿಸಿ ತೆಗೆದ ಗುಂಪುಚಿತ್ರ. ಒಂದು ಮನೆಯ ಮಗು, ಇನ್ನೊಂದು ಮನೆಯ ನಡುವಯಸ್ಕ, ಮತ್ತೊಂದು ಮನೆಯ ಮುದುಕ ಅಕ್ಕಪಕ್ಕ ನಿಂತಿರುವ ಚಿತ್ರ ನೋಡಿ, ಈ ಮಗು ನಾಳೆ ಆ ನಡುವಯಸ್ಕನಷ್ಟೇ ದಪ್ಪವಾಗಿ, ಆಮೇಲೆ ಆ ಮುದುಕನಂತೆ ಸೊರಗುತ್ತದೆ ಎಂದು ಹೇಳಿದ ಹಾಗೆ. ಆ ಚಿತ್ರದ ನಡುವೆ ನಿಂತಿದ್ದವರು ಯಾರೆಂದರೆ ಬ್ರೆಜಿಲ್, ಮೆಕ್ಸಿಕೊ, ಕೊಲಂಬಿಯ, ಪೆರು ಮುಂತಾದ ಲ್ಯಾಟಿನ್ ಅಮೆರಿಕದ ದೇಶಗಳು. ಅಲ್ಲಿನ ಅಸಮಾನತೆಗೆ ಮಧ್ಯಮ ಆದಾಯ ಕಾರಣವೆನ್ನುವುದಕ್ಕಿಂತ ವಸಾಹತು ಕಾಲದಿಂದ ಕೆಲವೇ ಮನೆತನಗಳ ಕೈಯಲ್ಲಿ ಉಳಿದ ಜಮೀನು, ಗುಲಾಮಗಿರಿಯ ಚರಿತ್ರೆ, ಬಡವರ ಮಕ್ಕಳನ್ನು ಹೊರಗಿಟ್ಟ ಶಾಲೆಗಳು ಕಾರಣವೆನ್ನುವುದೇ ಹೆಚ್ಚು ಸರಿ. ಅವು ಆ ಹೊತ್ತಿಗೆ ಮಧ್ಯಮ ಆದಾಯದ ದೇಶಗಳಾಗಿದ್ದದ್ದು ಒಂದು ಕಾಕತಾಳೀಯ. ಲೆಕ್ಕದಲ್ಲಿ ಆ ಪ್ರದೇಶಕ್ಕೆ ಬೇರೆಯದೇ ಸ್ಥಾನ ಕೊಟ್ಟ ಕೂಡಲೇ ಗುಡ್ಡ ಬಹುಮಟ್ಟಿಗೆ ತಗ್ಗುತ್ತದೆ.

ಇನ್ನೊಂದು ತೊಡಕನ್ನು 1993ರಲ್ಲಿ ಸುಧೀರ್ ಆನಂದ್ ಮತ್ತು ರವಿ ಕನ್ಬೂರ್ ತೋರಿಸಿದರು. ಯಾವ ದೇಶಗಳ ಅಂಕಿಗಳನ್ನು ಆರಿಸುತ್ತೇವೆ, ಗೆರೆಗೆ ಯಾವ ಸಮೀಕರಣ ಬಳಸುತ್ತೇವೆ ಎಂಬುದನ್ನು ಬದಲಿಸಿದರೆ ಗುಡ್ಡದ ಬದಲು ಕಣಿವೆಯೇ ಬರಬಹುದು. ಅಷ್ಟು ಸುಲಭಕ್ಕೆ ಬೋರಲಾಗುವ ಆಕಾರವನ್ನು ನಿಯಮವೆಂದು ಕರೆಯುವುದು ಕಷ್ಟ.

ಒಂದೇ ದೇಶವನ್ನು ದಶಕಗಳ ಕಾಲ ಹಿಂಬಾಲಿಸಿ ನೋಡಿದರೆ?

ಕೇಳಬೇಕಾದ ಪ್ರಶ್ನೆ ಇದೇ, ಆದರೆ ಅದಕ್ಕೆ ಬೇಕಾದ ಅಂಕಿಗಳು ಕೂಡಿಬರಲು ನಾಲ್ಕು ದಶಕ ಹಿಡಿಯಿತು. ವಿಶ್ವಬ್ಯಾಂಕಿನ ಕ್ಲಾಸ್ ಡೈನಿಂಗರ್ ಮತ್ತು ಲಿನ್ ಸ್ಕ್ವೈರ್ 1990ರ ದಶಕದ ಮಧ್ಯದಲ್ಲಿ ನೂರಕ್ಕೂ ಹೆಚ್ಚು ದೇಶಗಳ ಸಮೀಕ್ಷೆಗಳನ್ನು ಜಾಲಿಸಿ, ಇಡೀ ದೇಶವನ್ನು ಪ್ರತಿನಿಧಿಸದ ಹಳೆಯ ಅಂಕಿಗಳನ್ನೆಲ್ಲ ಪಕ್ಕಕ್ಕಿಟ್ಟು ಒಂದು ಸಂಗ್ರಹ ಸಿದ್ಧಪಡಿಸಿದರು. ಸಾಕಷ್ಟು ವರ್ಷಗಳ ಮಾಹಿತಿ ಇದ್ದ 49 ದೇಶಗಳನ್ನು ಒಂದೊಂದಾಗಿ ನೋಡಿದಾಗ, 40 ದೇಶಗಳಲ್ಲಿ ಆದಾಯದ ಮಟ್ಟಕ್ಕೂ ಅಸಮಾನತೆಗೂ ನಂಬಬಹುದಾದ ಯಾವ ಸಂಬಂಧವೂ ಸಿಗಲಿಲ್ಲ. ಉಳಿದ ಒಂಬತ್ತರಲ್ಲೂ ಕೆಲವು ಕಡೆ ಗುಡ್ಡ, ಕೆಲವು ಕಡೆ ಕಣಿವೆ.

ಇದಕ್ಕೂ ಒಂದು ಮಿತಿ ಇದೆ ಎಂಬುದನ್ನು ಹೇಳಿಬಿಡಬೇಕು. ಕುಜ್ನೆಟ್ಸ್ ಮಾತಾಡಿದ್ದು ನೂರು ವರ್ಷಗಳ ಬದಲಾವಣೆಯ ಬಗ್ಗೆ, ಈ ಅಂಕಿಗಳು ಮೂವತ್ತು ನಲವತ್ತು ವರ್ಷಗಳವು. ಆದ್ದರಿಂದ ಊಹೆ ಸುಳ್ಳೆಂದು ಇದರಿಂದಲೇ ತೀರ್ಮಾನಿಸಲಾಗದು. ಒಂದು ಜೀವಮಾನದ ಅಳತೆಯಲ್ಲಿ ಅದನ್ನು ನೆಚ್ಚಿಕೊಳ್ಳಲಾಗದು ಎಂದಷ್ಟೇ ಹೇಳಬಹುದು.

ಅಮೆರಿಕದಲ್ಲಂತೂ ಕೈಗಾರಿಕೆ ಬೆಳೆದ ಮೇಲೆ ಅಸಮಾನತೆ ಇಳಿದದ್ದು ನಿಜ ತಾನೇ?

ಇಳಿದದ್ದು ನಿಜ, ಯಾವಾಗ ಇಳಿಯಿತು ಎಂಬುದನ್ನು ನೋಡಿದರೆ ಕಥೆ ಬದಲಾಗುತ್ತದೆ. 1913ರಿಂದ ಲಭ್ಯವಿದ್ದ ಆದಾಯ ತೆರಿಗೆಯ ಲೆಕ್ಕಪತ್ರಗಳಿಂದ ಕುಜ್ನೆಟ್ಸ್ ಕಂಡುಕೊಂಡ ಪ್ರಕಾರ, ಮೇಲಿನ ನೂರಕ್ಕೆ 10 ಜನರ ಪಾಲು ಒಟ್ಟು ಆದಾಯದ 45ರಿಂದ 50ರಷ್ಟು ಇದ್ದದ್ದು 1940ರ ದಶಕದ ಕೊನೆಗೆ 30ರಿಂದ 35ಕ್ಕೆ ಬಂದಿತ್ತು. ಥಾಮಸ್ ಪಿಕೆಟಿ ಮತ್ತು ಎಮ್ಯಾನುಯೆಲ್ ಸೇಯಸ್ 2003ರಲ್ಲಿ ಅದೇ ಬಗೆಯ ಲೆಕ್ಕಪತ್ರಗಳನ್ನು ಮುಂದುವರಿಸಿ ನೋಡಿದಾಗ ಎರಡು ಸಂಗತಿಗಳು ಹೊರಬಂದವು.

ಮೊದಲನೆಯದು, ಆ ಇಳಿತ ಮೂರು ದಶಕಗಳ ಉದ್ದಕ್ಕೂ ಹರಡಿದ ಸಾವಕಾಶದ ಇಳಿಜಾರಲ್ಲ. ಅದರ ಬಹುಭಾಗ ಎರಡನೆಯ ಮಹಾಯುದ್ಧದ ನಾಲ್ಕೈದು ವರ್ಷಗಳಲ್ಲಿ ಧಡಕ್ಕನೆ ಆಯಿತು. ಜನ ಹೊಲ ಬಿಟ್ಟು ಕಾರ್ಖಾನೆ ಸೇರುವುದು ನಿಧಾನದ ಕೆಲಸ. ನಿಧಾನವಾದ ಕಾರಣದಿಂದ ಇಂಥ ಹಠಾತ್ ಪರಿಣಾಮ ಬರಲಾರದು. ಆ ವರ್ಷಗಳಲ್ಲಿ ಸರ್ಕಾರ ಸಂಬಳಗಳ ಮೇಲೆ ನಿಯಂತ್ರಣ ಹೇರಿತ್ತು, ಆದಾಯ ತೆರಿಗೆಯ ಅತ್ಯಧಿಕ ದರ 1944ರಲ್ಲಿ ನೂರಕ್ಕೆ 94ಕ್ಕೆ ಏರಿತ್ತು. ಯುದ್ಧ ಮುಗಿದು ನಿಯಂತ್ರಣ ತೆಗೆದ ಮೇಲೂ ಮೇಲಿನವರ ಪಾಲು ಹಿಂದಿನ ಮಟ್ಟಕ್ಕೆ ಜಿಗಿಯದೆ 1970ರ ದಶಕದವರೆಗೆ ಕೆಳಗೇ ಉಳಿಯಿತು. ನನ್ನ ಮಟ್ಟಿಗೆ ಬಿದ್ದದ್ದಕ್ಕಿಂತ ಮೇಲೇಳದೆ ಉಳಿದದ್ದೇ ಹೆಚ್ಚು ಕುತೂಹಲದ ಸಂಗತಿ. ಅದಕ್ಕೆ ಬಲವಾದ ಕಾರ್ಮಿಕ ಸಂಘಗಳು, ಏರುಮಟ್ಟದಲ್ಲೇ ಉಳಿದ ತೆರಿಗೆ ದರಗಳು, ವಿದ್ಯಾವಂತರ ಸಂಖ್ಯೆಯ ಹೆಚ್ಚಳ ಹೀಗೆ ಹಲವು ವಿವರಣೆಗಳಿವೆ.

ಎರಡನೆಯದು, 1980ರ ನಂತರ ಗೆರೆ ಮತ್ತೆ ಮೇಲಕ್ಕೆ ಹೋಯಿತು. ಅವರು ಮುಂದೆ ಸೇರಿಸಿದ ಅಂಕಿಗಳ ಪ್ರಕಾರ 2007ರ ಹೊತ್ತಿಗೆ ಮೇಲಿನ ನೂರಕ್ಕೆ 10 ಜನರ ಪಾಲು ಪುನಃ 50ರ ಹತ್ತಿರ ಬಂದಿತ್ತು. ಜಗತ್ತಿನ ಅತ್ಯಂತ ಸಿರಿವಂತ ದೇಶಗಳಲ್ಲೊಂದು ಗುಡ್ಡ ಇಳಿದ ಮೇಲೆ ಮತ್ತೊಂದನ್ನು ಹತ್ತುತ್ತದೆ ಎಂಬುದಕ್ಕೆ ಮೂಲ ರೇಖೆಯಲ್ಲಿ ಜಾಗವೇ ಇಲ್ಲ. ಫ್ರಾನ್ಸಿನಲ್ಲೂ ಇಪ್ಪತ್ತನೆಯ ಶತಮಾನದ ಇಳಿತವನ್ನು ಬಿಡಿಸಿ ನೋಡಿದಾಗ ಸಂಬಳಗಳ ನಡುವಿನ ಅಂತರ ಹೆಚ್ಚೇನೂ ಬದಲಾಗಿರಲಿಲ್ಲ. ಕರಗಿದ್ದು ಬಡ್ಡಿ, ಬಾಡಿಗೆ, ಲಾಭಾಂಶಗಳ ಮೇಲೆ ಬದುಕುತ್ತಿದ್ದವರ ಆದಾಯ, ಮತ್ತು ಅದನ್ನು ಕರಗಿಸಿದ್ದು ಎರಡು ಯುದ್ಧಗಳು, ಹಣದುಬ್ಬರ ಮತ್ತು ತೆರಿಗೆ.

ಅಸಮಾನತೆ ಏರದೆಯೇ ವೇಗವಾಗಿ ಬೆಳೆದ ದೇಶ ಒಂದಾದರೂ ಇದೆಯೇ?

ಇದೆ, ತೈವಾನ್. ಅಲ್ಲಿನ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು, ಏಕೆಂದರೆ ಮೇಲಿನ ಲೆಕ್ಕದ ಯಾವ ಗಂಟು ಎಲ್ಲಿ ಬಿಚ್ಚಿಕೊಂಡಿತು ಎಂಬುದು ಅಲ್ಲಿ ಕಾಣುತ್ತದೆ.

ಯುದ್ಧಾನಂತರ ಅಲ್ಲಿನ ಗೇಣಿದಾರರು ಬೆಳೆಯ ಅರ್ಧದಷ್ಟನ್ನು, ಕೆಲವು ಕಡೆ ಅದಕ್ಕೂ ಹೆಚ್ಚನ್ನು, ಜಮೀನಿನ ಒಡೆಯನಿಗೆ ಅಳೆಯಬೇಕಿತ್ತು. 1949ರಲ್ಲಿ ಗೇಣಿಯನ್ನು ಮುಖ್ಯ ಬೆಳೆಯ ನೂರಕ್ಕೆ 37.5ಕ್ಕೆ ಮಿತಿಗೊಳಿಸಿದರು. 1951ರಲ್ಲಿ ಸರ್ಕಾರಿ ಜಮೀನನ್ನು ಉಳುವವರಿಗೆ ಮಾರಿದರು. 1953ರಲ್ಲಿ ಗೇಣಿಗೆ ಕೊಟ್ಟ ಮಧ್ಯಮ ದರ್ಜೆಯ ಗದ್ದೆಯನ್ನು ಒಡೆಯನು ಸುಮಾರು ಮೂರು ಹೆಕ್ಟೇರಿನಷ್ಟು ಮಾತ್ರ ಇಟ್ಟುಕೊಳ್ಳಬೇಕೆಂದು ವಿಧಿಸಿ, ಉಳಿದದ್ದನ್ನು ಸರ್ಕಾರ ಖರೀದಿಸಿ ಗೇಣಿದಾರರಿಗೆ ಕಂತಿನ ಮೇಲೆ ಕೊಟ್ಟಿತು. ಒಡೆಯರಿಗೆ ಪರಿಹಾರವನ್ನು ನಗದಿನಲ್ಲಿ ಕೊಡದೆ, ಬೆಳೆಯ ರೂಪದ ಬಾಂಡ್‌ಗಳಲ್ಲೂ ಸರ್ಕಾರಿ ಕಂಪನಿಗಳ ಷೇರುಗಳಲ್ಲೂ ಕೊಟ್ಟಿತು. ಹೀಗೆ ಬೆಳವಣಿಗೆ ವೇಗ ಪಡೆಯುವ ಮೊದಲೇ ಹಳ್ಳಿಯೊಳಗಿನ ಅಂತರ ತಗ್ಗಿತ್ತು.

ಆಮೇಲೆ ಬಂದ ಕಾರ್ಖಾನೆಗಳು ಹೆಚ್ಚಾಗಿ ಸಣ್ಣವು, ಹೆಚ್ಚು ಕೈಗಳನ್ನು ಬೇಡುವಂಥವು, ಮತ್ತು ಗ್ರಾಮಾಂತರದಲ್ಲೂ ಹರಡಿಕೊಂಡಿದ್ದವು. ಬೇಸಾಯದ ಮನೆಯ ಮಗನೋ ಮಗಳೋ ಮನೆ ಬಿಡದೆ ಕೂಲಿ ಸಂಪಾದಿಸಬಹುದಾಗಿತ್ತು. ನಮ್ಮ ಲೆಕ್ಕದಲ್ಲಿ ಗುಡ್ಡ ಹುಟ್ಟಿದ್ದು ಒಬ್ಬ ಮನುಷ್ಯ ಒಂದೋ ಹಳ್ಳಿಯಲ್ಲಿ, ಇಲ್ಲವೇ ಪಟ್ಟಣದಲ್ಲಿ ಇರುತ್ತಾನೆ ಎಂಬ ಊಹೆಯಿಂದ. ಒಂದೇ ಕುಟುಂಬದ ಆದಾಯ ಎರಡೂ ಕಡೆಯಿಂದ ಬರತೊಡಗಿದರೆ ಏರಿಕೆಯ ಕಾರಣವೇ ಸಡಿಲವಾಗುತ್ತದೆ. ಕುಟುಂಬಗಳ ಆದಾಯದ ಗಿನಿ 1964ರಲ್ಲಿ ಸುಮಾರು 0.32 ಇದ್ದದ್ದು 1980ರ ಹೊತ್ತಿಗೆ 0.28ರ ಸುತ್ತ ಬಂತು. ಅದೇ ಅವಧಿಯಲ್ಲಿ ಆದಾಯ ಹಲವು ಪಟ್ಟು ಬೆಳೆಯಿತು. ಸಿರಿವಂತವಾದ ಮೇಲೆ, 1980ರ ನಂತರ, ಅಲ್ಲಿ ಅಸಮಾನತೆ ತುಸು ಏರಿತು. ಆಕಾರವೇನೋ ಯು ಅಕ್ಷರದ್ದೇ, ಆದರೆ ಬೋರಲು ಬಿದ್ದದ್ದಲ್ಲ.

ಭಾರತ ಮತ್ತು ಚೀನಾ ಎಲ್ಲಿ ನಿಲ್ಲುತ್ತವೆ?

ಚೀನಾದ ಗಿನಿ 1980ರ ದಶಕದ ಆರಂಭದಲ್ಲಿ ಸುಮಾರು 0.30 ಇದ್ದದ್ದು, ಅಲ್ಲಿನ ಅಧಿಕೃತ ಅಂಕಿಗಳ ಪ್ರಕಾರ 2008ರಲ್ಲಿ 0.491 ಮುಟ್ಟಿತು. ಆನಂತರ 0.47ರ ಆಸುಪಾಸಿಗೆ ಇಳಿದು ಅಲ್ಲೇ ಸುಳಿದಾಡುತ್ತಿದೆ. ಇದನ್ನು ಗುಡ್ಡದ ತುದಿ ಎನ್ನುವವರೂ ಇದ್ದಾರೆ, ಕೇವಲ ಪ್ರಸ್ಥಭೂಮಿ ಎನ್ನುವವರೂ ಇದ್ದಾರೆ. ಮೇಲಿನ ಕೋಷ್ಟಕದ ಕೊನೆಯ ಕಾಲಮ್ಮನ್ನು ನೆನಪಿಸಿಕೊಂಡರೆ ಎರಡನೆಯವರ ಮಾತನ್ನು ತಳ್ಳಿಹಾಕಲಾಗದು.

ಭಾರತದಲ್ಲಿ ಆದಾಯ ತೆರಿಗೆಯ ಲೆಕ್ಕಪತ್ರಗಳನ್ನು ಆಧರಿಸಿದ ಅಂದಾಜುಗಳ ಪ್ರಕಾರ ಮೇಲಿನ ನೂರಕ್ಕೆ ಒಬ್ಬರ ಪಾಲು 1930ರ ದಶಕದ ಕೊನೆಯಲ್ಲಿ ಸುಮಾರು 21 ಇದ್ದದ್ದು 1980ರ ದಶಕದ ಆರಂಭಕ್ಕೆ ಸುಮಾರು 6ಕ್ಕೆ ಇಳಿದು, 2010ರ ದಶಕದಲ್ಲಿ ಮತ್ತೆ 20 ದಾಟಿತು. ತೆರಿಗೆ ಕಟ್ಟುವವರೇ ಕಡಿಮೆ ಇರುವ ದೇಶದಲ್ಲಿ ಇಂಥ ಅಂದಾಜಿನ ನಿಖರತೆಯ ಬಗ್ಗೆ ವಾದವಿದೆ. ದಿಕ್ಕನ್ನಷ್ಟೇ ತೆಗೆದುಕೊಂಡರೂ ಅದು ಕಣಿವೆಯೇ.

## ಇನ್ನೂ ಆಳಕ್ಕೆ ಇಳಿಯುವವರಿಗೆ

ಕೈಗಾರಿಕೆ ಬರುವ ಮುಂಚೆ ಎಲ್ಲ ಕಡೆ ಸಮಾನತೆ ಇತ್ತೇ?

ಇರಲಿಲ್ಲ, ಮತ್ತು ಇದು ರೇಖೆಯ ಎಡ ತುದಿಗೇ ಬೀಳುವ ಪೆಟ್ಟು. ಊರುಗಳ ತೆರಿಗೆ ಪುಸ್ತಕಗಳು, ಮನೆ ಬಾಡಿಗೆಯ ದಾಖಲೆಗಳನ್ನು ಜೋಡಿಸಿ ಚರಿತ್ರಕಾರರು ತೋರಿಸಿರುವಂತೆ, ಹಾಲೆಂಡಿನಲ್ಲಿ ಕಾರ್ಖಾನೆಗಳು ಬರುವುದಕ್ಕೆ ಶತಮಾನಗಳ ಮೊದಲೇ ಅಸಮಾನತೆ ಏರಿತ್ತು. ಅಲ್ಲಿ ವ್ಯಾಪಾರ ಬೆಳೆಯುತ್ತಿತ್ತು, ಹಾಗಾಗಿ ಬೆಳವಣಿಗೆಯ ಫಲವೆನ್ನಬಹುದು. ಆದರೆ ಉತ್ತರ ಇಟಲಿಯಲ್ಲಿ ಆರ್ಥಿಕತೆ ನಿಂತ ನೀರಾಗಿದ್ದ 17ನೆಯ ಶತಮಾನದಲ್ಲೂ ಆಸ್ತಿಯ ಅಸಮಾನತೆ ಏರುತ್ತಲೇ ಇತ್ತು ಎಂದು ಗೀಡೊ ಅಲ್ಫಾನಿ ಅವರ ಅಧ್ಯಯನಗಳು ಹೇಳುತ್ತವೆ. ಬಡವರ ಮೇಲೆಯೇ ಹೆಚ್ಚು ಭಾರ ಹಾಕುತ್ತಿದ್ದ ಯುದ್ಧತೆರಿಗೆಗಳನ್ನು ಅವರು ಒಂದು ಮುಖ್ಯ ಕಾರಣವೆಂದು ಗುರುತಿಸುತ್ತಾರೆ. ಬೆಳವಣಿಗೆಯೇ ಇಲ್ಲದೆ ಏರುವ ಅಸಮಾನತೆಯನ್ನು ಬೆಳವಣಿಗೆಯ ಮೊದಲ ಹಂತದ ನೋವು ಎನ್ನಲು ಬರುವುದಿಲ್ಲ.

ಒಂದೇ ಗುಡ್ಡದ ಬದಲು ಅಲೆಗಳ ಮೇಲೆ ಅಲೆಗಳು ಎನ್ನುತ್ತಾರಲ್ಲ, ಅದು ಸರಿಯೇ?

ಬ್ರಾಂಕೊ ಮಿಲಾನೊವಿಚ್ 2016ರಲ್ಲಿ ಮುಂದಿಟ್ಟ ವಾದವಿದು. ಜನ ಹೊಲದಿಂದ ಕಾರ್ಖಾನೆಗೆ ಹೋದಾಗ ಒಂದು ಅಲೆ, ಕಾರ್ಖಾನೆಯಿಂದ ಸೇವಾ ವಲಯ ಮತ್ತು ಹೊಸ ತಂತ್ರಜ್ಞಾನದ ಕಡೆಗೆ ಹೋದಾಗ ಇನ್ನೊಂದು ಅಲೆ. ಪ್ರತಿಯೊಂದನ್ನೂ ಇಳಿಸುವುದು ಯುದ್ಧ, ಪಿಡುಗುಗಳಂಥ ಕೇಡಿನ ಶಕ್ತಿಗಳು ಅಥವಾ ಶಿಕ್ಷಣ, ತೆರಿಗೆ, ಸಾಮಾಜಿಕ ಭದ್ರತೆಯಂಥ ಒಳ್ಳೆಯ ಶಕ್ತಿಗಳು. 1980ರ ನಂತರದ ಏರಿಕೆಗೆ ಇದು ಜಾಗ ಮಾಡಿಕೊಡುತ್ತದೆ, ಇಳಿತ ತಾನಾಗಿ ಬರುವುದಿಲ್ಲವೆಂದೂ ಒಪ್ಪಿಕೊಳ್ಳುತ್ತದೆ. ನನಗಿರುವ ಅನುಮಾನ ಒಂದೇ: ಅಲೆ ಎಷ್ಟು ಉದ್ದ, ಯಾವಾಗ ತಿರುಗುತ್ತದೆ ಎಂದು ಮುಂಚಿತವಾಗಿ ಹೇಳದಿದ್ದರೆ ಯಾವ ಏರಿಳಿತವನ್ನಾದರೂ ಅಲೆಯೆಂದು ಕರೆಯಬಹುದು. ಆಗ ಆ ಮಾತನ್ನು ಸುಳ್ಳೆಂದು ತೋರಿಸುವ ದಾರಿಯೇ ಉಳಿಯುವುದಿಲ್ಲ.

"ಮೊದಲು ಬೆಳೆಯಲಿ, ಹಂಚಿಕೆ ಆಮೇಲೆ" ಎಂಬ ನೀತಿಗೆ ಈ ರೇಖೆ ಆಧಾರವಾಗುತ್ತದೆಯೇ?

ಆಧಾರವೆಂದು ಬಳಸಿದ್ದುಂಟು. ಬ್ರೆಜಿಲ್‌ನಲ್ಲಿ 1964ರ ಸೇನಾ ಕ್ಷಿಪ್ರಕ್ರಾಂತಿಯ ನಂತರ ಆರ್ಥಿಕತೆ ವೇಗವಾಗಿ ಬೆಳೆಯಿತು. ಆದರೆ 1960 ಮತ್ತು 1970ರ ಜನಗಣತಿಗಳನ್ನು ಹೋಲಿಸಿದಾಗ ಅಸಮಾನತೆ ಗಮನಾರ್ಹವಾಗಿ ಏರಿದ್ದು ಕಂಡಿತು. 1972ರಲ್ಲಿ ಆಲ್ಬರ್ಟ್ ಫಿಶ್‌ಲೋ ಇದಕ್ಕೆ ಸರ್ಕಾರದ ನೀತಿಯ ಕಡೆ, ಅದರಲ್ಲೂ ಕನಿಷ್ಠ ವೇತನವನ್ನು ಬೆಲೆ ಏರಿಕೆಗಿಂತ ಹಿಂದೆ ಉಳಿಸಿದ್ದರ ಕಡೆ ಬೆರಳು ತೋರಿಸಿದರು. ಮರುವರ್ಷ ಕಾರ್ಲೋಸ್ ಲಾಂಗೋನಿ, ವಿದ್ಯಾವಂತರಿಗೆ ಬೇಡಿಕೆ ಹೆಚ್ಚಿದ್ದರಿಂದ ಆದ ಏರಿಕೆಯಿದು, ಬೆಳವಣಿಗೆಯ ದಾರಿಯಲ್ಲಿ ಸಹಜವಾಗಿ ಬರುವಂಥದ್ದು, ಮುಂದೆ ಸರಿಹೋಗುತ್ತದೆ ಎಂದು ವಾದಿಸಿದರು. ಸರ್ಕಾರಕ್ಕೆ ಯಾವ ವಿವರಣೆ ಹಿಡಿಸಿತೆಂದು ಹೇಳಬೇಕಾಗಿಲ್ಲ.

ಮುಂದೆ ಎರಡು ದಶಕ ಕಾದರೂ ಅದು ಸರಿಹೋಗಲಿಲ್ಲ. 1980ರ ದಶಕದ ಕೊನೆಯಲ್ಲಿ ಗಿನಿ 0.60ರ ಸುತ್ತ ಇತ್ತು. ಇಳಿತ ಶುರುವಾದದ್ದು ಮುಖ್ಯವಾಗಿ 2000ದ ಈಚೆಗೆ, ಆಗ ಅದು ಒಂದು ದಶಕದಲ್ಲಿ 0.53ರ ಆಸುಪಾಸಿಗೆ ಬಂತು. ಆ ಹೊತ್ತಿಗೆ ಶಾಲೆಗಳು ಬಡವರ ಮಕ್ಕಳಿಗೆ ತೆರೆದುಕೊಂಡು ಒಂದು ತಲೆಮಾರು ಕಳೆದಿತ್ತು, ಕನಿಷ್ಠ ವೇತನವನ್ನು ನಿಜಾರ್ಥದಲ್ಲಿ ಏರಿಸಲಾಗುತ್ತಿತ್ತು, 2003ರಿಂದ ಬೋಲ್ಸಾ ಫಮೀಲಿಯಾ ಯೋಜನೆಯ ಮೂಲಕ ಬಡ ಕುಟುಂಬಗಳಿಗೆ ನೇರವಾಗಿ ಹಣ ಹೋಗುತ್ತಿತ್ತು. ಶಿಕ್ಷಣದ ಬಗ್ಗೆ ಲಾಂಗೋನಿ ಹೇಳಿದ್ದರಲ್ಲಿ ಹುರುಳಿತ್ತು. ಆದರೆ ಶಾಲೆಗಳು ತಾವಾಗಿ ತೆರೆದುಕೊಳ್ಳಲಿಲ್ಲ.

ಯಾವುದಾದರೂ ದೇಶಕ್ಕೆ ಈ ಗುಡ್ಡದ ಚಿತ್ರ ತೋರಿಸಿದರೆ ಅದನ್ನು ಪರೀಕ್ಷಿಸುವುದು ಹೇಗೆ?

ಮೊದಲು ಚಿತ್ರದ ಚುಕ್ಕೆಗಳು ಒಂದೇ ದೇಶದ ಬೇರೆ ಬೇರೆ ವರ್ಷಗಳವೋ, ಒಂದೇ ಕಾಲದ ಬೇರೆ ಬೇರೆ ದೇಶಗಳವೋ ಎಂದು ನೋಡಿ. ಎರಡನೆಯದಾದರೆ ಯಾವ ದೇಶದ ಮುಂದಿನ ದಾರಿಯ ಬಗ್ಗೆಯೂ ಅದು ಏನನ್ನೂ ಹೇಳುವುದಿಲ್ಲ.

ಆಮೇಲೆ ಏನನ್ನು ಅಳೆದಿದ್ದಾರೆಂದು ನೋಡಿ. ಕೆಲವು ದೇಶಗಳು ಕುಟುಂಬದ ಆದಾಯವನ್ನು ಕೇಳುತ್ತವೆ, ಕೆಲವು ಖರ್ಚನ್ನು ಕೇಳುತ್ತವೆ. ಸಿರಿವಂತರು ಆದಾಯದ ದೊಡ್ಡ ಭಾಗವನ್ನು ಉಳಿಸುವುದರಿಂದ ಖರ್ಚಿನ ಅಸಮಾನತೆ ಸಾಮಾನ್ಯವಾಗಿ ಕಡಿಮೆ ಕಾಣುತ್ತದೆ. ಡೈನಿಂಗರ್ ಮತ್ತು ಸ್ಕ್ವೈರ್ ಅವರ ಸಂಗ್ರಹದಲ್ಲಿ ಈ ಎರಡು ಬಗೆಯ ಅಳತೆಗಳ ನಡುವಿನ ಸರಾಸರಿ ವ್ಯತ್ಯಾಸ ನೂರರ ಅಳತೆಯಲ್ಲಿ 6.6 ಅಂಶಗಳಷ್ಟಿತ್ತು, ಅಂದರೆ ಸುಮಾರು 0.07. ಬಡ ದೇಶಗಳು ಹೆಚ್ಚಾಗಿ ಖರ್ಚನ್ನೂ ಮಧ್ಯಮ ಆದಾಯದ ಲ್ಯಾಟಿನ್ ಅಮೆರಿಕ ಆದಾಯವನ್ನೂ ಅಳೆಯುವುದರಿಂದ ಗುಡ್ಡದ ಎಡ ಮಗ್ಗುಲಿನ ಏರಿಕೆಯಲ್ಲಿ ಒಂದಿಷ್ಟು ಪಾಲು ಪ್ರಶ್ನಾವಳಿಯದ್ದೇ ಇರುತ್ತದೆ. ಬಲ ಮಗ್ಗುಲಿನಲ್ಲಿ ಇಂಥದ್ದೇ ಇನ್ನೊಂದು ಬೆರಕೆ ನಡೆಯುತ್ತದೆ: ತೆರಿಗೆ ಕಳೆದು ಪಿಂಚಣಿ, ಭತ್ಯೆ ಸೇರಿಸಿದ ಆದಾಯವನ್ನು ಅಳೆದರೆ ಪಶ್ಚಿಮ ಯೂರೋಪು ಬಹಳ ಸಮಾನವಾಗಿ ಕಾಣುತ್ತದೆ, ತೆರಿಗೆಗೆ ಮುಂಚಿನದನ್ನು ಅಳೆದರೆ ಅಷ್ಟು ಸಮಾನವಾಗಿ ಕಾಣುವುದಿಲ್ಲ.

ಕೊನೆಯದಾಗಿ, ಗೆರೆ ತಿರುಗಿದ ವರ್ಷವನ್ನು ಗುರುತು ಹಾಕಿಕೊಂಡು ಆ ವರ್ಷದ ಸುತ್ತ ದೇಶದಲ್ಲಿ ಏನು ನಡೆಯಿತೆಂದು ಹುಡುಕಿ. ಜನ ಬೇಸಾಯ ಬಿಡುವ ವೇಗದಲ್ಲೇ ಗೆರೆಯೂ ಸಾವಕಾಶವಾಗಿ ಬಾಗಿದ್ದರೆ ಕುಜ್ನೆಟ್ಸ್ ಅವರ ಲೆಕ್ಕ ಅಲ್ಲಿ ಕೆಲಸ ಮಾಡಿರುವ ಸಾಧ್ಯತೆ ಇದೆ. ಎರಡು ಮೂರು ವರ್ಷಗಳಲ್ಲಿ ಮುರಿದಂತೆ ಕೆಳಗಿಳಿದಿದ್ದರೆ ಅಲ್ಲೊಂದು ಯುದ್ಧ, ಒಂದು ಭೂಕಾನೂನು ಅಥವಾ ಒಂದು ತೆರಿಗೆ ಇರುತ್ತದೆ. ಅದರ ತಾರೀಖನ್ನು ಚಿತ್ರದ ಮೇಲೆ ಬರೆದಿಟ್ಟುಕೊಂಡು ನಂತರ ಓದುವುದನ್ನು ಮುಂದುವರಿಸಿ.